ನಾಳೆ ವೈವಾ ಐತಿ, ಬೋರ್ಡ್ ಮ್ಯಾಲೆ ಎರಡು ದೀಪ ಉರಿಯೋ ಕಡೆ ಒಂದೇ ಉರಿಯಾಕತ್ತೈತಿ

ರೂಮ್ 14 · ರಾತ್ರಿ 10:52

ಎಲ್ಲರಿಗೂ ನಮಸ್ಕಾರ್ರಿ. ಅರ್ಜೆಂಟ್ ಐತಿ, ಅದಕ್ಕ ಉದ್ದ ಬರ್ದೀನಿ, ಬೈಬ್ಯಾಡ್ರಿ. ಊರು ಕುಷ್ಟಗಿ ಕಡೆ, ಓದೋದು ರಾಯಚೂರಾಗ, ಇರೋದು ಹಾಸ್ಟೆಲ್‌ನಾಗ. ನಾಳೆ ಮುಂಜಾನೆ ಒಂಬತ್ತೂವರಿಗೆ ಮೈಕ್ರೋಕಂಟ್ರೋಲರ್ ಲ್ಯಾಬ್ ವೈವಾ, ನನ್ನ ಪಾಲಿಗೆ ಬಂದಿದ್ದು ಟ್ರಾಫಿಕ್ ಲೈಟ್ ಕಂಟ್ರೋಲರ್. ಬೋರ್ಡ್ ನಂದಲ್ಲ, ಸೀನಿಯರ್ ಕೊಟ್ಟು ಹೋಗಿದ್ದು, ಅವರಿಗೂ ಅವರ ಸೀನಿಯರ್ ಕೊಟ್ಟಿದ್ದಂತ. ಎರಡು ಬ್ಯಾಚ್ ಇದನ್ನ ತೋರಿಸೇ ಪಾಸ್ ಆಗ್ಯಾರ. 89ಎಸ್52 ಚಿಪ್, ಪೋರ್ಟ್ 1ರಾಗ ಆರು ಪಿನ್, ಒಂದೊಂದು ಪಿನ್ನಿಂದ ಜಂಪರ್ ವೈರ್ ಹೋಗಿ ಒಂದೊಂದು ಬಿಸಿ547 ಟ್ರಾನ್ಸಿಸ್ಟರ್‌ಗೆ ಕೂಡ್ತೈತಿ, ಅದರ ಮ್ಯಾಲೆ 330 ಓಮ್ ಮತ್ತ ಎಲ್‌ಇಡಿ. `P1.0`, `P1.1`, `P1.2` ಉತ್ತರ-ದಕ್ಷಿಣ ರಸ್ತೆಯ ಕೆಂಪು, ಹಳದಿ, ಹಸಿರು. `P1.3`, `P1.4`, `P1.5` ಪೂರ್ವ-ಪಶ್ಚಿಮದ್ದು, ಅದೇ ಕ್ರಮ.

ಸೀನಿಯರ್ ಪ್ರೋಗ್ರಾಮ್ ಭಾಳ ಸಿಂಪಲ್ ಇತ್ತು, ಹಿಂಗ:

```
MOV P1, #0CH
ACALL DELAY10
MOV P1, #0AH
ACALL DELAY3
```

ಇದು ಈಗ್ಲೂ ಓಡ್ತೈತಿ. ಆದ್ರ ಇಂಟರ್ನಲ್ಸ್ ಟೈಮ್‌ನಾಗ ಸರ್ ನೋಡಿ "ಇಡೀ ಕ್ಲಾಸಿಂದು ಒಂದೇ ಪ್ರೋಗ್ರಾಮ್ ಐತಲ್ಲೋ, ಪ್ರತಿ ರಸ್ತೆಗೂ ಬ್ಯಾರೆ ಸಬ್‌ರೂಟೀನ್ ಬರಕೊಂಡು ಬಾ" ಅಂದ್ರು. ಬರ್ದೆ. ಉತ್ತರ-ದಕ್ಷಿಣಕ್ಕ ಹಳದಿ ಹಚ್ಚೋದು ಹಿಂಗೈತಿ, ಉಳಿದ ಐದೂ ಇದರ ತಮ್ಮಂದಿರೇ:

```
NS_YEL: MOV A, P1
        ANL A, #0F8H
        ORL A, #02H
        MOV P1, A
        RET
```

ಅಂದ್ರ ಈಗ ಪೋರ್ಟ್‌ನಾಗ ಏನೈತಿ ಅದನ್ನ ಓದ್ಕೊಂಡು, ನನ್ನ ರಸ್ತೆಯ ಮೂರು ಬಿಟ್ ಅಳಿಸಿ, ಹಳದಿ ಹಚ್ಚಿ, ವಾಪಸ್ ಬರಿಯೋದು. ಇನ್ನೊಂದು ರಸ್ತೆ ಮುಟ್ಟಬಾರ್ದು. ಕಂಪ್ಯೂಟರಿನಾಗ ಸಿಮ್ಯುಲೇಟರ್ ಹಾಕಿ ನೋಡಿದ್ರ ಚೊಕ್ಕ ಓಡ್ತೈತಿ. ಬೋರ್ಡಿಗೆ ಹಾಕಿದ್ರ ಮೊದಲ 10 ಸೆಕೆಂಡ್ ಬರೋಬ್ಬರಿ (ಒಂದು ಕಡೆ ಹಸಿರು, ಇನ್ನೊಂದು ಕಡೆ ಕೆಂಪು), ಹಳದಿ ಬಂದ ಕೂಡ್ಲೇ ಆ ಕಡೆ ಕೆಂಪು ಆರಿ ಹೋಗ್ತೈತಿ. ಅಲ್ಲಿಂದ ಮುಂದ ಯಾವಾಗ್ಲೂ ಒಂದೇ ದೀಪ. ನನಗನಿಸಿದ್ದು ಏನಂದ್ರ ಮೊಬೈಲ್ ಚಾರ್ಜರಿಂದ 5 ವೋಲ್ಟ್ ಕೊಟ್ಟೀನಿ, ಅದಕ್ಕ ಎರಡು ದೀಪ ಎಳಿಯೋ ತಾಕತ್ತಿಲ್ಲ. ಇನ್ನೊಂದು ಕಿರಿಕಿರಿ, ಚಿಪ್ ಬೋರ್ಡ್ ಮ್ಯಾಲೇ ಇದ್ದಾಗ ಪ್ರೋಗ್ರಾಮ್ ಹೋಗವಲ್ದು, ಪ್ರತಿ ಸಲ ಸ್ಕ್ರೂಡ್ರೈವರ್‌ಲೆ ಎಬ್ಬಿಸಿ ತೆಗ್ದು ಪ್ರೋಗ್ರಾಮರ್ ಸಾಕೆಟ್‌ಗೆ ಇಟ್ಟು ಮತ್ತ ತಂದು ಕೂಡಿಸಬೇಕು. ಒಂದು ಕಾಲು ಆಗ್ಲೇ ಸೊಟ್ಟ ಆಗೈತಿ.

ಸರ್ಕಲ್ ಮಂದಿ · ರಾತ್ರಿ 11:03

ಭಾಳ ದಿನದಿಂದ ನಾನೂ ಇದನ್ನೇ ಹೇಳಾಕತ್ತೀನಿ, ಒಂದು ಕಡೆ ದೀಪ ಇರ್ತದ ಇನ್ನೊಂದು ಕಡೆ ಇರಲ್ಲ, ಟಂಟಂ ಗಾಡಿಯವ್ರು ನಡುವೇ ನುಗ್ಗತಾರ. ಇದು ಯಾವ ಸರ್ಕಲ್‌ದು ಹೇಳ್ರಿ?

ರೂಮ್ 14 · ರಾತ್ರಿ 11:05

ಅಣ್ಣಾ ಇದು ಅಂಗೈ ಅಗಲದ ಬೋರ್ಡ್. ಮಂಚದ ಮ್ಯಾಲೈತಿ.

ಡಿಪ್ಲೊಮಾ ಫಸ್ಟ್ ಕ್ಲಾಸ್ · ರಾತ್ರಿ 11:09

ಕ್ರಿಸ್ಟಲ್ ಎಷ್ಟರದ್ದು ನೋಡು ಮೊದ್ಲು. 11.0592 ಅಂತ ಬರ್ದಿದ್ರ ನಿನ್ನ ಡಿಲೇ ಎಲ್ಲಾ ತಪ್ಪು, ಯಾಕಂದ್ರ ಟೈಮರ್ ಲೆಕ್ಕ ಎಲ್ಲಾ 12 ಮೆಗಾಹರ್ಟ್ಸ್‌ಗೆ ಬರ್ದಿರ್ತಾರ. ನಮ್ಮ ಟೈಮ್‌ನಾಗ ಅರ್ಧ ಕ್ಲಾಸ್ ಇದರಾಗೇ ಸಿಕ್ಕೊಂಡಿತ್ತು. 100% ಇದೇ.

ರೂಮ್ 14 · ರಾತ್ರಿ 11:14

ಹೌದ್ರಿ 11.0592 ಅಂತನೇ ಐತಿ!! ಪ್ರೋಗ್ರಾಮ್‌ನಾಗ `TH0` ಗೆ 3CH, `TL0` ಗೆ 0B0H ಹಾಕೀನಿ, 50 ಮಿಲಿಸೆಕೆಂಡ್ ಅಂತ. ಬದ್ಲಿ ಮಾಡ್ಲಾ?

ಹಳೇ ಬೆಸುಗೆ · ರಾತ್ರಿ 11:21

ತಮ್ಮಾ ನಿಲ್ಲು. ಅವರು ಹೇಳಿದ್ದು ಖರೇ ಅದ, ಆದ್ರ ನಿನ್ನ ರೋಗಕ್ಕ ಅದು ಮದ್ದಲ್ಲ. ಆ ಕ್ರಿಸ್ಟಲ್‌ನಾಗ ನಿನ್ನ 50 ಮಿಲಿಸೆಕೆಂಡ್ ಅನ್ನೋದು 54.25 ಆಗ್ತದ, 10 ಸೆಕೆಂಡಿನ ಹಸಿರು 10.85 ಸೆಕೆಂಡ್ ಉರೀತದ. ದೀಪ ಹೊತ್ತಿಗಿಂತ ತಡ ಆಗಿ ಬದ್ಲಾಗಬಹುದು, ಇರೋ ದೀಪ ಯಾಕ ಆರ್ತದ? ನಾಳೆ ಸ್ಟಾಪ್‌ವಾಚ್ ಹಿಡಿದು ಕೇಳಿದ್ರ ಉತ್ತರ ಗೊತ್ತಿರಲಿ, ಅಷ್ಟು ಸಾಕು.

ಈಗ ಪವರ್ ಸಾಲಲ್ಲ ಅಂತ ನಿನ್ನ ಅನುಮಾನ. ಅದನ್ನ ಊಹೆ ಮಾಡ್ಕೋತ ಕೂಡಬ್ಯಾಡ, ಒಂದೇ ಸಲಕ್ಕ ತೀರ್ಸಿಬಿಡು. ಇಷ್ಟೇ ಇರೋ ಪ್ರೋಗ್ರಾಮ್ ಹಾಕು, ಐದು ನಿಮಿಷ ಬಿಡು:

```
      MOV P1, #0CH
HERE: SJMP HERE
```

ಎರಡು ದೀಪ ಐದು ನಿಮಿಷ ಉರಿದ್ರ ಚಾರ್ಜರ್ ನಿರಪರಾಧಿ. ಇನ್ನೊಂದು ಹೇಳು, ಮೊದಲ ಸುತ್ತು ಆದ ಮ್ಯಾಲೆ ಉರಿಯೋ ಆ ಒಂದೇ ದೀಪ ಯಾವುದು? ಬರ್ಕೊಂಡು ಕ್ರಮವಾಗಿ ಹೇಳು.

ಸಿ ಬರಿಯಾಂವ · ರಾತ್ರಿ 11:26

ಇನ್ನೂ ಅಸೆಂಬ್ಲಿ ಬರೀತೀರಾ ಬ್ರೋ 😅 ಸಿ ನಲ್ಲಿ ಬರ್ದಿದ್ರೆ ಈ ಪ್ರಾಬ್ಲಮ್ಮೇ ಬರ್ತಿರ್ಲಿಲ್ಲ. `P1 |= 0x02;` ಮುಗೀತು. ನಾನು ಕಳೆದ ವರ್ಷ ಇದೇ ಪ್ರಾಜೆಕ್ಟ್ ಬಳ್ಳಾರಿಲಿ ಮಾಡಿದೆ, ಸೇಮ್ ಟ್ರಾನ್ಸಿಸ್ಟರ್, ಒಂದೂ ದೀಪ ಆರ್ಲಿಲ್ಲ.

ಹಳೇ ಬೆಸುಗೆ · ರಾತ್ರಿ 11:29

ನೀ ಹೇಳಿದ್ದು ನೆನಪಿಟ್ಕೊ. ಆಮ್ಯಾಲೆ ಬೇಕಾಗ್ತದ.

ರೂಮ್ 14 · ರಾತ್ರಿ 11:58

ತಡ ಆತು, ಚಿಪ್ ತೆಗಿಯೋದು ಹಾಕೋದ್ರಾಗ ಹೊತ್ತು ಹೋತು, ಮ್ಯಾಲೆ ವಾರ್ಡನ್ ರೌಂಡ್ ಬಂದ್ರು, ಲೈಟ್ ಆರಿಸಿ ಹೊದ್ದಿಗಿ ಒಳಗ ಬೋರ್ಡ್ ಇಟ್ಕೊಂಡು ಮಲಗಿದ್ದೆ, ಹೊದ್ದಿಗಿ ಒಳಗ ಹಸಿರು ಬೆಳಕು ಕಾಣ್ತು ಅಂತ ಪಾರ್ಟ್ನರ್ ಈಗ್ಲೂ ನಗಾಕತ್ತಾನ.

ಎರಡು ದೀಪ ಐದು ನಿಮಿಷ ಏನು, ಹತ್ತು ನಿಮಿಷ ಉರಿದ್ವು. ಅಂದ್ರ ಪವರ್ ಅಲ್ಲ.

ನನ್ನ ಪ್ರೋಗ್ರಾಮ್ ಮತ್ತ ಹಾಕಿ ಬರ್ಕೊಂಡೀನಿ. ಉತ್ತರ-ದಕ್ಷಿಣ ಹಳದಿ ಒಂದೇ. ಆಮ್ಯಾಲೆ ಪೂರ್ವ-ಪಶ್ಚಿಮ ಹಸಿರು ಒಂದೇ (ಉತ್ತರ-ದಕ್ಷಿಣ ಕೆಂಪು ಇರಬೇಕಿತ್ತು, ಕತ್ತಲ). ಆಮ್ಯಾಲೆ ಪೂರ್ವ-ಪಶ್ಚಿಮ ಹಳದಿ ಒಂದೇ. ಆಮ್ಯಾಲೆ ಉತ್ತರ-ದಕ್ಷಿಣ ಹಸಿರು ಒಂದೇ. ಹಿಂಗೇ ಸುತ್ತು.

ಹಳೇ ಬೆಸುಗೆ · ರಾತ್ರಿ 12:06

ಶಾಣ್ಯಾ ಇದ್ದಿ, ಬರ್ಕೊಂಡಿದ್ದು ಛಲೋ ಆತು. ಈಗ ನೀನೇ ನೋಡು, ಪ್ರತಿ ಹಂತದಾಗ ಉರಿಯೋದು ಯಾವುದು? ಕಡೀಗೆ ಕರೆದ ಸಬ್‌ರೂಟೀನ್ ಹಚ್ಚಿದ್ದು. ಅದಕ್ಕಿಂತ ಹಿಂದ ಹಚ್ಚಿದ್ದು ಎಲ್ಲಾ ಅಳಿಸಿ ಹೋಗ್ಯಾವ. ನೀ ಕೆಂಪು ಹಚ್ಚಿ ಮರುಕ್ಷಣ ಹಸಿರು ಹಚ್ಚತೀ, ಆ ಕೆಂಪು ಕೆಲವೇ ಮೈಕ್ರೋಸೆಕೆಂಡ್ ಉರಿದು ಸಾಯ್ತದ, ಕಣ್ಣಿಗೆ ಕಾಣಂಗಿಲ್ಲ. ಅಂದ್ರ `MOV A, P1` ಅಂದಾಗ ಪ್ರತಿ ಸಲ ನಿನಗ ಸಿಗಾಕತ್ತಿದ್ದು ಸೊನ್ನೆ.

ಮಲ್ಟಿಮೀಟರ್ ಅದ ಏನು? ಆ ಎರಡೇ ಸಾಲಿನ ಪ್ರೋಗ್ರಾಮ್ ಮತ್ತ ಹಾಕಿ, ಕೆಂಪು ದೀಪ ಉರಿಯೋವಾಗ `P1.3` ಮ್ಯಾಲೆ ಎಷ್ಟು ವೋಲ್ಟ್ ಅದ ಹೇಳು.

ರೂಮ್ 14 ಪಾರ್ಟ್ನರ್ · ರಾತ್ರಿ 12:31

ನಾ ಅವನ ರೂಮ್ಮೇಟ್. ಮಲ್ಟಿಮೀಟರ್ ಕೆಳಗಿನ ಫ್ಲೋರ್‌ನಾಗ ಇಲೆಕ್ಟ್ರಿಕಲ್ ಹುಡುಗೂರ ಹತ್ರ ಇತ್ತು, ಎಬ್ಬಿಸಿ ಬೈಸಿಕೊಂಡು ತಂದೀವಿ. 0.71 ವೋಲ್ಟ್ ಬಂದದ. ದೀಪ ಉರಿಯಾಕತ್ತದ ಆದ್ರ ಪಿನ್ ಮ್ಯಾಲೆ 0.71. ಇವನ ಮಾರಿ ಬಿಳಿಚಿಕೊಂಡದ, ಚಿಪ್ ಸುಟ್ಟದ ಅಂತಾನ. ನನ್ನ ಚಿಪ್ ಕೊಟ್ಟೀನಿ, ಅದರಾಗೂ 0.70. ಅಂದಂಗ ಈ ಬೋರ್ಡಿಗೆ ನಾವು ಇಟ್ಟ ಹೆಸರು "ತೀನ್ ಕಂದೀಲ್", ನಮ್ಮೂರ ಮಂದಿಗೆ ತಿಳೀತದ. ಈಗ ಅದು "ಏಕ್ ಕಂದೀಲ್" ಆಗ್ಯದ.

ಡಿಪ್ಲೊಮಾ ಫಸ್ಟ್ ಕ್ಲಾಸ್ · ರಾತ್ರಿ 12:36

ಅಷ್ಟೇ ನೋಡು, 5 ವೋಲ್ಟ್ ಇರಬೇಕಿತ್ತು. ಪುಲ್‌ಅಪ್ ಹಾಕಿಲ್ಲ. 8051ಗೆ ಹೊರಗಿಂದ 10ಕೆ ಪುಲ್‌ಅಪ್ ಹಾಕ್ಲೇಬೇಕು, ಎಲ್ಲಾ ಪುಸ್ತಕದಾಗೂ ಅದ.

ಹಳೇ ಬೆಸುಗೆ · ರಾತ್ರಿ 12:48

ಹಾಕ್ಲೇಬೇಕು ಅನ್ನೋದು ಪೋರ್ಟ್ 0ಗೆ ಮಾತ್ರ, ಅದಕ್ಕ ಒಳಗ ಪುಲ್‌ಅಪ್ ಇಲ್ಲ. 1, 2, 3ಕ್ಕ ಒಳಗೇ ಅದ, ಆದ್ರ ಭಾಳ ಬಡಕಲು. ಆ ಬಡಕಲತನವೇ ಇಲ್ಲಿ ಕಥಿ.

ಚಿಪ್ ಸುಟ್ಟಿಲ್ಲ ತಮ್ಮಾ, ಸಮಾಧಾನ ಮಾಡ್ಕೊ. ಟ್ರಾನ್ಸಿಸ್ಟರ್ ಬೇಸ್‌ನಿಂದ ಎಮಿಟರ್‌ಗೆ ಒಂದು ಡಯೋಡ್ ಇದ್ದಂಗ, ಅದು ಆನ್ ಆದ್ರ 0.7 ಸುತ್ತಮುತ್ತ ವೋಲ್ಟೇಜನ್ನ ಹಿಡಿದು ನಿಲ್ಲಿಸ್ತದ. ನಿನ್ನ ಸೀನಿಯರ್ ಪಿನ್ನನ್ನ ಸೀದಾ ಬೇಸ್‌ಗೆ ಕೂಡಿಸ್ಯಾರ. ಪಿನ್ ಮ್ಯಾಲಕ್ಕ ಏಳಬೇಕಂತದ, ಆದ್ರ ಅದು ಕೊಡೋದು ಕೆಲವೇ ಹತ್ತು ಮೈಕ್ರೋಆಂಪ್. ಡೇಟಾಶೀಟ್ ತೆಗ್ದು ನೋಡು, 60 ಮೈಕ್ರೋಆಂಪ್ ಎಳೆದ್ರೇ 2.4 ವೋಲ್ಟಿಗಿಂತ ಹೆಚ್ಚಿಗೆ ಭರವಸೆ ಕೊಡಂಗಿಲ್ಲ. ಬೇಸ್ ಅದನ್ನ 0.7ಕ್ಕ ಕಟ್ಟಿ ಹಾಕ್ತದ. ಅಷ್ಟು ಸಣ್ಣ ಕರೆಂಟನ್ನ ಟ್ರಾನ್ಸಿಸ್ಟರ್ ನೂರಿನ್ನೂರು ಪಟ್ಟು ಮಾಡ್ತದ, ಅದಕ್ಕ ದೀಪ ಉರೀತದ. ದೀಪಕ್ಕ ಏನೂ ತ್ರಾಸಿಲ್ಲ, ಎರಡು ಬ್ಯಾಚಿಗೂ ತ್ರಾಸಾಗಲಿಲ್ಲ.

ತ್ರಾಸು ಓದುವಾಗ. 8051ನಾಗ ಪ್ರತಿ ಪಿನ್ನಿಗೂ ಹಿಂದ ಒಂದು ಲ್ಯಾಚ್ ಇರ್ತದ, ನೀ ಬರ್ದ 1 ಅಥವಾ 0 ಅಲ್ಲಿ ಕೂತಿರ್ತದ. ಲ್ಯಾಚ್ ಅಂದ್ರ ವಾರ್ಡನ್‌ನ ಹಾಜರಿ ಪುಸ್ತಕ, ಪಿನ್ ಅಂದ್ರ ಕಿಟಕಿಯೊಳಗ ಇಣುಕಿ ನೋಡೋದು. ಪುಸ್ತಕದಾಗ ನೀ ಹಾಜರ್ ಇದ್ದಿ, ಆದ್ರ ಹೊದ್ದಿಗಿ ಒಳಗ ಮುದುಡಿ ಮಲಗೀ, ಕಿಟಕಿಯಿಂದ ನೋಡಿದಾಂವ ಮಂಚ ಖಾಲಿ ಅಂತ ಬರ್ಕೊಂಡು ಹೋಗ್ತಾನ. `MOV A, P1` ಕಿಟಕಿಯಿಂದ ನೋಡೋ ಆದೇಶ. 0.9 ವೋಲ್ಟಿಗಿಂತ ಕೆಳಗ ಏನಿದ್ರೂ ಅದಕ್ಕ 0. ನಿನ್ನ 0.71 ಅದರ ಕಣ್ಣಿಗೆ 0. ನೀ ಆ 0ಯನ್ನ ತಿರುಗಿ `MOV P1, A` ಅಂತ ಪುಸ್ತಕದಾಗ ಬರೀತೀ, ಕೆಂಪು ದೀಪದ ಹೆಸರು ಹೊಡದು ಹೋತು.

ಸೀನಿಯರ್ ಪ್ರೋಗ್ರಾಮ್ ಓದ್ತಾನೇ ಇರಲಿಲ್ಲ, ಬರೇ ಬರೀತಿತ್ತು. ಅದಕ್ಕ ಎರಡು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಸಿಮ್ಯುಲೇಟರ್‌ನಾಗ ಟ್ರಾನ್ಸಿಸ್ಟರ್ ಎಲ್ಲಿಂದ ಬರಬೇಕು, ಅಲ್ಲಿ ಲ್ಯಾಚ್ ಏನೋ ಪಿನ್ ಅದೇ.

ನನ್ನ ಮಾತು ನಂಬಬ್ಯಾಡ, ಪರೀಕ್ಷೆ ಮಾಡು. ನಿನ್ನ ತಪ್ಪು ಪ್ರೋಗ್ರಾಮೇ ಹಾಕು, `P1.3` ಜಂಪರ್ ವೈರ್ ಮಾತ್ರ ಕಿತ್ತು ಪಿನ್ ಖಾಲಿ ಬಿಡು. ಹಳದಿ ಬಂದಾಗ ಆ ಖಾಲಿ ಪಿನ್ ಮ್ಯಾಲೆ ಎಷ್ಟು ಅದ ನೋಡು. ನಾ ಹೇಳಿದ್ದು ಖರೇ ಇದ್ರ ಅದು ಈಗ ಆರಂಗಿಲ್ಲ.

ಸಿ ಬರಿಯಾಂವ · ರಾತ್ರಿ 12:55

ಓಹ್ ಹಾಗಾದ್ರೆ ನಂದು ಯಾಕೆ ವರ್ಕ್ ಆಯ್ತು? ನಾನೂ `P1 |= ` ಅಂತಲೇ ಓದಿ ಬರ್ದಿದ್ದು ತಾನೆ

ಪಾಠ ಮಾಡೋಳು · ರಾತ್ರಿ 1:02

ನಿದ್ದೆ ಬರದೆ ಓದ್ತಾ ಇದ್ದೆ, ಇದಕ್ಕೆ ನಾನು ಹೇಳ್ತೀನಿ. ಪೋರ್ಟ್ ಮೇಲೆಯೇ ನೇರವಾಗಿ ಓದಿ-ತಿದ್ದಿ-ಬರೆಯೋ ಇನ್‌ಸ್ಟ್ರಕ್ಷನ್‌ಗಳು 8051ನಲ್ಲಿ ಪಿನ್ ಓದೋದಿಲ್ಲ, ಲ್ಯಾಚ್ ಓದ್ತವೆ. `ANL P1`, `ORL P1`, `XRL P1`, `INC`, `DEC`, `CPL P1.3`, `SETB`, `CLR` ಎಲ್ಲಾ ಈ ಗುಂಪು. ಇಂಟೆಲ್‌ನವರು ತಮ್ಮ ಮ್ಯಾನ್ಯುಯಲ್‌ನಲ್ಲಿ ಇದಕ್ಕೆ ಕೊಟ್ಟಿರೋ ಕಾರಣವೇ ಟ್ರಾನ್ಸಿಸ್ಟರ್ ಬೇಸ್, ಅಂದ್ರೆ ಈ ಹುಡುಗನ ಬೋರ್ಡ್. ನಿಮ್ಮ `P1 |= 0x02;` ಅನ್ನು ಕಂಪೈಲರ್ ಸಾಮಾನ್ಯವಾಗಿ ಒಂದೇ `ORL P1, #02H` ಮಾಡುತ್ತೆ, ಹಾಗಾಗಿ ಪಾರಾದ್ರಿ. ಅದನ್ನೇ `t = P1; t = t | 0x02; P1 = t;` ಅಂತ ಬರೆದಿದ್ರೆ ನೀವೂ ರಾತ್ರಿ ಒಂದು ಗಂಟೆಗೆ ಇಲ್ಲಿ ಇರ್ತಿದ್ರಿ. ಸಿ ಕಾಪಾಡಲಿಲ್ಲ, ಬರೆಯೋ ರೀತಿ ಕಾಪಾಡಿತು.

ನಾನು ಕ್ಲಾಸಲ್ಲಿ ಈ ಸಾಲನ್ನು ಎಷ್ಟು ವರ್ಷ ಹೇಳಿದ್ದೀನಿ, ಪರೀಕ್ಷೆಗೆ ಬರೆದು ಮರೀತಾರೆ.

ಡಿಪ್ಲೊಮಾ ಫಸ್ಟ್ ಕ್ಲಾಸ್ · ರಾತ್ರಿ 1:07

ಸರಿ ಆತು, ಆದ್ರ ಇದಕ್ಕ ಪ್ರೋಗ್ರಾಮ್ ಯಾಕ ಮುಟ್ಟಬೇಕು? ಬೇಸ್‌ಗೆ ಒಂದು 1ಕೆ ರೆಸಿಸ್ಟರ್ ಹಾಕಿದ್ರ ಪಿನ್ ಬ್ಯಾರೆ ಬೇಸ್ ಬ್ಯಾರೆ ಆಗ್ತಾವ, 0.7 ಬೇಸ್ ಹತ್ರಾನೇ ಉಳೀತದ. ಯಾವ ಸರ್ಕ್ಯೂಟ್‌ನಾಗ ನೋಡಿದ್ರೂ ಬೇಸ್‌ಗೆ 1ಕೆ ಇರ್ತದ.

ರೂಮ್ 14 ಪಾರ್ಟ್ನರ್ · ರಾತ್ರಿ 1:33

ಎರಡೂ ಮಾಡಿ ನೋಡಿದ್ವಿ.

ಜಂಪರ್ ಕಿತ್ತಾಗ ಖಾಲಿ `P1.3` ಮ್ಯಾಲೆ 4.9 ವೋಲ್ಟ್, ಹಳದಿ ಬಂದ್ರೂ 4.9, ಅಲುಗಾಡಲಿಲ್ಲ!! ವೈರ್ ತಿರುಗಿ ಚುಚ್ಚಿದ್ರ ಮುಂದಿನ ಸುತ್ತಿಗೆ ಮತ್ತ ಆರ್ತು. ನಾ ಆರ್ಟ್ಸ್ ಓದೋಂವ ಅಲ್ಲ, ಮೆಕ್ಯಾನಿಕಲ್, ಚಿಪ್ ಇದ್ದಿದ್ದು ಹಳೇ ಪ್ರಾಜೆಕ್ಟಿಂದು, ಆದ್ರೂ ಇದು ನೋಡಿ ಮೈ ಜುಂ ಅಂತು.

1ಕೆ ಡಬ್ಬಿಯಾಗ ಇತ್ತು, ಅದನ್ನೂ ನಡುವ ಹಾಕಿದ್ವಿ. 0.71 ಇದ್ದದ್ದು 0.77 ಆತು. ದೀಪ ಮೊದಲಿನಂಗೇ ಆರ್ತದ.

ಹಳೇ ಬೆಸುಗೆ · ರಾತ್ರಿ 1:41

0.77 ಬಂತು ಅಂದ್ರ ಅದರಾಗ ಹರಿಯೋದು 60 ಮೈಕ್ರೋಆಂಪ್, ನೀವೇ ಅಳದೀರಿ ನೋಡ್ರಿ. 1ಕೆ ಮ್ಯಾಲೆ 60 ಮೈಕ್ರೋಆಂಪ್ ಅಂದ್ರ ಬರೇ 0.06 ವೋಲ್ಟ್. ರೆಸಿಸ್ಟರ್ ಕೆಲಸ ಮಾಡೋದು ಅದರ ಮೂಲಕ ಕರೆಂಟ್ ಹರಿದ್ರ, ಇಲ್ಲಿ ಹರಿಯಾಕ ಏನದ. ಫಸ್ಟ್ ಕ್ಲಾಸ್ ಅವರು ಹೇಳಿದ 1ಕೆ ಬ್ಯಾರೆ ಚಿಪ್‌ಗಳಿಗೆ ಸರಿ, ಪಿನ್ ಗಟ್ಟಿಯಾಗಿ 5 ವೋಲ್ಟಿಗೆ ತಳ್ಳೋ ಚಿಪ್‌ಗೆ.

ಅವರ ಎರಡೂ ಮಾತು ಕೂಡಿಸಿದ್ರ ಮಾತ್ರ ಪೂರ್ತಿ ಆಗ್ತದ, ಇದು ಮಜಾ. ಪಿನ್ನಿಂದ 5 ವೋಲ್ಟಿಗೆ 4.7ಕೆ, ಪಿನ್ನಿಂದ ಬೇಸ್‌ಗೆ 10ಕೆ. ಆಗ ಪಿನ್ 3.6 ವೋಲ್ಟ್ ಹತ್ರ ನಿಲ್ತದ, ಓದಿದ್ರ 1. ಆದ್ರ ಈ ಹೊತ್ತಿನಾಗ ಹನ್ನೆರಡು ರೆಸಿಸ್ಟರ್ ಬೆಸಿಯೋದು ಬ್ಯಾಡ. ಪ್ರೋಗ್ರಾಮ್ ತಿದ್ದು:

```
NS_YEL: ANL P1, #0F8H
        ORL P1, #02H
        RET
```

ಆರೂ ಸಬ್‌ರೂಟೀನ್ ಹಿಂಗೇ. ಎರಡು ಸಾಲಿನ ನಡುವ ಎರಡು ಮೈಕ್ರೋಸೆಕೆಂಡ್ ನಿನ್ನ ರಸ್ತೆ ಕತ್ತಲ ಇರ್ತದ, ಯಾರಿಗೂ ಕಾಣಂಗಿಲ್ಲ. ಅದೂ ಬ್ಯಾಡ ಅನಿಸಿದ್ರ `30H`ನಾಗ ಒಂದು ನಕಲು ಇಟ್ಕೊಂಡು ಅದನ್ನ ತಿದ್ದಿ ಇಡಿಯಾಗಿ `MOV P1, 30H` ಮಾಡು. ನಾ ಕೆಲಸದಾಗ ಇದ್ದಾಗ ಹಂಗೇ ಮಾಡ್ತಿದ್ದೆ, ಯಾಕಂದ್ರ ಔಟ್‌ಪುಟ್ ಏನದ ಅಂತ ಪಿನ್ನನ್ನ ಕೇಳೋ ಚಾಳಿನೇ ಬ್ಯಾಡ.

ಬಳ್ಳಾರಿ ಬಿಸಿಲು · ರಾತ್ರಿ 1:49

ನಂದೊಂದು ಕೇಸ್ ಹೇಳ್ಲಾ, ಇದಕ್ಕೇ ಸಂಬಂಧ ಐತೋ ಇಲ್ಲೋ ಗೊತ್ತಿಲ್ಲ. ನಮ್ಮ ಅಂಗಡಿಲಿ ನೀರಿನ ಟ್ಯಾಂಕ್ ಮೋಟರ್ ಬಂದ್ ಮಾಡೋ ಬೋರ್ಡ್ ಮಾಡ್ತಿದ್ವಿ, ಇದೇ ಚಿಪ್ಪು. `P1.5`ಗೆ ಸೀದಾ ಟ್ರಾನ್ಸಿಸ್ಟರ್ ಹಾಕಿ ರಿಲೇ ಇಟ್ಟಿದ್ವಿ, ಯುಎಸ್‌ಬಿ ಪ್ರೋಗ್ರಾಮರ್ ಚುಚ್ಚಿದ್ರೆ ಚಿಪ್ಪೇ ಸಿಗ್ತಾ ಇಲ್ಲ ಅಂತಿತ್ತು, ಕೇಬಲ್ ಮೂರು ಬದ್ಲಾಯಿಸಿದ್ವಿ, ಪ್ರೋಗ್ರಾಮರ್ ಹೊಸದು ತರಿಸಿದ್ವಿ, ಆಮೇಲೆ ನಮ್ಮ ಹುಡುಗ ರಿಲೇ ವೈರ್ ಬಿಚ್ಚಿದ ದಿನ ಹೋಯ್ತು. ಯಾಕೆ ಅಂತ ಇವತ್ತಿನವರೆಗೂ ತಲೆ ಕೆಡಿಸ್ಕೊಂಡಿರ್ಲಿಲ್ಲ.

ಹಳೇ ಬೆಸುಗೆ · ರಾತ್ರಿ 1:55

ಸಂಬಂಧ ಅದ, ಅದೇ 0.7. ಈ ಚಿಪ್‌ನಾಗ ಬೋರ್ಡ್ ಮ್ಯಾಲೇ ಪ್ರೋಗ್ರಾಮ್ ತುಂಬೋ ಗೆರೆಗಳು `P1.5`, `P1.6`, `P1.7`. ಪ್ರೋಗ್ರಾಮರ್ ಬಿಟ್ ಕಳಿಸೋದು `P1.5`ನಿಂದ. ಸಾಮಾನ್ಯ ಯುಎಸ್‌ಬಿ ಪ್ರೋಗ್ರಾಮರ್‌ನಾಗ ಆ ಗೆರೆಗೆ ಸಣ್ಣ ರೆಸಿಸ್ಟರ್ ಇರ್ತದ, ಈ ಕಡೆ ಬೇಸ್ ಎಳೆದು ಹಿಡಿದ್ರ ಚಿಪ್‌ಗೆ ಒಂದೂ 1 ಮುಟ್ಟಂಗಿಲ್ಲ. ರೂಮ್ 14, ನಿನ್ನ ಎರಡನೇ ಕಿರಿಕಿರಿನೂ ಇದೇ ತಮ್ಮಾ. ಪೂರ್ವ-ಪಶ್ಚಿಮ ಹಸಿರಿನ ಜಂಪರ್ ಒಂದು ಕಿತ್ತು ಪ್ರೋಗ್ರಾಮ್ ಹಾಕು, ಚಿಪ್ ಎಬ್ಬಿಸೋದು ಬ್ಯಾಡ. ಆ ಸೊಟ್ಟ ಕಾಲು ಮುರಿದ್ರ ಈ ಹೊತ್ತಿಗೆ ಯಾವ ಅಂಗಡಿ ತೆಗ್ದಿರ್ತದ.

ರೂಮ್ 14 · ರಾತ್ರಿ 2:24

ಓಡ್ತು!!!!!

ಜಂಪರ್ ಕಿತ್ತು ಪ್ರೋಗ್ರಾಮ್ ಹಾಕಿದೆ, ಮೊದಲ ಸಲಕ್ಕೇ ಹೋತು, ಇಷ್ಟು ದಿನ ಸ್ಕ್ರೂಡ್ರೈವರ್ ಹಿಡ್ಕೊಂಡು ಸಾಯ್ತಿದ್ದೆ. ಕೆಂಪು ಆರಲಿಲ್ಲ. ನಾಲ್ಕು ಸುತ್ತು ಸುಮ್ಮನ ಕೂತು ನೋಡಿದೆ. ಪಾರ್ಟ್ನರ್ ಸಂಜೀಕ ತಂದಿಟ್ಟ ಒಗ್ಗರಣಿ ಮಿರ್ಚಿ ತಣ್ಣಗ ಆಗಿ ಕಲ್ಲಾಗಿತ್ತು, ಅದನ್ನೇ ತಿಂದ್ವಿ. ಹಳೇ ಬೆಸುಗೆ ಸರ್, ಮೇಡಂ, ಎಲ್ಲರಿಗೂ ಶರಣು. ಇನ್ನ ನಿಲ್ಲಾಕ ಆಗವಲ್ದು, ಮಲಗ್ತೀನಿ.

ಹಳೇ ಬೆಸುಗೆ · ರಾತ್ರಿ 2:41

ಮಲಗು. ಒಂದು ಮಾತು, ಎದ್ದ ಮ್ಯಾಲೆ ಓದ್ಕೊ. ಈ ಚಿಪ್ ರಿಸೆಟ್ ಆದಾಗ ಎಲ್ಲಾ ಪೋರ್ಟ್ `FFH` ಆಗ್ತಾವ. ನಿನ್ನ ಬೋರ್ಡ್‌ನಾಗ 1 ಅಂದ್ರ ದೀಪ. ರಿಸೆಟ್ ಗುಂಡಿ ಒತ್ತಿ ಹಿಡಿದ್ರ ಆರೂ ದೀಪ ಒಮ್ಮೆಲೇ ಉರೀತಾವ, ಎರಡೂ ರಸ್ತೆಗೆ ಹಸಿರು. ಪರೀಕ್ಷಕರಿಗೆ ಆ ಗುಂಡಿ ಕಂಡ್ರ ಕೈ ಸುಮ್ಮನಿರಂಗಿಲ್ಲ. ಉತ್ತರ ತಯಾರು ಇಟ್ಕೊ.

ಸಿ ಬರಿಯಾಂವ · ಬೆಳಿಗ್ಗೆ 7:50

ಅದಕ್ಕೇ ಹೇಳೋದು ಆರ್ಡುಯಿನೋಗೆ ಬನ್ನಿ ಅಂತ, ಅದ್ರಲ್ಲಿ `PORTB` ಬೇರೆ `PINB` ಬೇರೆ, ಕನ್‌ಫ್ಯೂಷನ್ನೇ ಇಲ್ಲ

ಹಳೇ ಬೆಸುಗೆ · ಬೆಳಿಗ್ಗೆ 8:15

ಈ ಸಲ ಪೂರ್ತಿ ಖರೇ ಹೇಳಿದಿ. ಪುಸ್ತಕಕ್ಕ ಒಂದು ಹೆಸರು, ಕಿಟಕಿಗೆ ಒಂದು ಹೆಸರು. ಹಳೇ ಪಿಕ್ ಚಿಪ್‌ಗಳು ಇದಕ್ಕಿಂತ ಕೆಟ್ಟು, 16ಎಫ್84ನಾಗ ಒಂದು ಬಿಟ್ ಹಚ್ಚೋ `BSF` ಕೂಡ ಪಿನ್ನೇ ಓದ್ತಿತ್ತು. ಆಮ್ಯಾಲೆ ಬಂದ 18ಎಫ್‌ದಾಗ ಲ್ಯಾಚ್‌ಗೆ ಬ್ಯಾರೆ `LAT` ರಿಜಿಸ್ಟರ್ ಕೊಟ್ರು.

ರೂಮ್ 14 · ಮಧ್ಯಾಹ್ನ 2:10

ಮುಗೀತ್ರಿ. 2:41ರ ಮೆಸೇಜ್ ಈಗ ಓದಾಕತ್ತೀನಿ, ವೈವಾ ಆದ ಮ್ಯಾಲೆ 🤦

ಎಕ್ಸ್‌ಟರ್ನಲ್ ಬಂದ್ರು, ವಯಸ್ಸಾದವ್ರು, ಶಾಂತ. ಬೋರ್ಡ್ ಒಂದು ಸುತ್ತು ನೋಡಿದ್ರು. ಪ್ರೋಗ್ರಾಮ್ ಪ್ರಿಂಟ್ ನೋಡಿ "`ORL P1` ಯಾಕ ಬರ್ದಿ, `MOV A, P1` ಮಾಡಿದ್ರ ಆಗ್ತಿರಲಿಲ್ಲೇನು" ಅಂದ್ರು. ಸರ್ ನನಗ ಒಳಗ ಹಬ್ಬ ಆತು, ಹಾಜರಿ ಪುಸ್ತಕದಿಂದ ಹಿಡಿದು 0.71 ತನಕ ಒಂದೇ ಉಸಿರಿಗೆ ಹೇಳಿದೆ, ನಮ್ಮ ಸರ್ ಸೈತ ತಲಿ ಎತ್ತಿ ನೋಡಿದ್ರು. ಆಮ್ಯಾಲೆ ಅವರು ಏನೂ ಅನ್ನದ ಹೆಬ್ಬೆರಳಲೆ ರಿಸೆಟ್ ಒತ್ತಿ ಹಿಡಿದ್ರು. ಆರೂ ದೀಪ. "ನಾಲ್ಕೂ ದಿಕ್ಕಿಗೆ ಹಸಿರು ಕೊಟ್ಟಿಯಲ್ಲಪ್ಪಾ, ಈಗ ಯಾರು ಮೊದ್ಲು ಹೋಗಬೇಕು?" ಅಂದ್ರು. ರಿಸೆಟ್ ಆದ್ರ ಪೋರ್ಟ್ `FFH` ಅನ್ನೋದು ಬಾಯಿಪಾಠ ಇತ್ತು, ಅದನ್ನ ಹೇಳಿದೆ. "ಅದು ಗೊತ್ತಿತ್ತು ಅಂದ ಮ್ಯಾಲೆ ಬೋರ್ಡ್ ಹಿಂಗ್ಯಾಕ ಮಾಡಿದಿ" ಅಂದ್ರು. ಬೋರ್ಡ್ ನಂದಲ್ಲ ಅನ್ನಾಕ ಆಗತೈತೇನು. ಸುಮ್ಮನ ನಿಂತೆ. ಪ್ರೋಗ್ರಾಮ್‌ನಾಗ ಮೊದಲ ಸಾಲಿಗೇ `MOV P1, #00H` ಹಾಕ್ತೀನಿ ಅಂದೆ, ನಕ್ಕು "ಗುಂಡಿ ಒತ್ತಿ ಹಿಡಿದಾಗ ನಿನ್ನ ಮೊದಲ ಸಾಲು ಓಡ್ತದೇನು" ಅಂದ್ರು. ಅಲ್ಲಿಗೆ ನನ್ನ ಕಥಿ ಮುಗೀತು. ಪಾಸ್ ಅಂತೂ ಆಗ್ತೀನಿ ಅನಿಸ್ತೈತಿ.

ಸರ್, ಇದಕ್ಕ ಸರಿ ಉತ್ತರ ಏನಿತ್ತು?

ಪಾಠ ಮಾಡೋಳು · ಮಧ್ಯಾಹ್ನ 2:34

ಆ ಪ್ರಶ್ನೆ ನಾನೂ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಸರಳ ಉತ್ತರ, ದೀಪವನ್ನು 0ಗೆ ಉರಿಯೋ ಹಾಗೆ ಕಟ್ಟಬೇಕು. 5 ವೋಲ್ಟಿಂದ ಎಲ್‌ಇಡಿ, ರೆಸಿಸ್ಟರ್, ಪಿನ್. ಈ ಚಿಪ್ ಮೇಲಕ್ಕೆ ತಳ್ಳೋದ್ರಲ್ಲಿ ಬಡವ, ಕೆಳಕ್ಕೆ ಎಳೆಯೋದ್ರಲ್ಲಿ ಪರವಾಗಿಲ್ಲ, ಒಂದು ಪಿನ್ನಿಗೆ ಹೆಚ್ಚಂದ್ರೆ 10 ಮಿಲಿಆಂಪ್. ಆದ್ರೆ ಇಡೀ ಪೋರ್ಟ್ 1ಕ್ಕೆ ಮಿತಿ 15, ಆದ್ದರಿಂದ 330 ಬೇಡ, ಎರಡು ದೀಪಕ್ಕೆ 17 ದಾಟುತ್ತೆ. 470 ಹಾಕಿದ್ರೆ ಎರಡೂ ಸೇರಿ 12ರ ಹತ್ತಿರ. ಟ್ರಾನ್ಸಿಸ್ಟರ್ರೇ ಬೇಡ.

ಹಳೇ ಬೆಸುಗೆ · ಮಧ್ಯಾಹ್ನ 2:52

ದೊಡ್ಡ ದೀಪ ಬೇಕಾದ್ರ ಬಿಸಿ557 ಹಾಕು, ಅದು ಉಲ್ಟಾ ಜಾತಿ. ಎಮಿಟರ್ 5 ವೋಲ್ಟಿಗೆ, ಬೇಸ್‌ಗೆ 4.7ಕೆ, ಅಲ್ಲಿಂದ ಪಿನ್. ಪಿನ್ 0 ಆದ್ರ ದೀಪ ಉರೀತದ, ರಿಸೆಟ್‌ನಾಗ ಪಿನ್ 1, ಎಲ್ಲಾ ಕತ್ತಲ. ಪಿನ್ನನ್ನ 0.7ಕ್ಕ ಕಟ್ಟೋರೂ ಯಾರಿಲ್ಲ, ಹಂಗಾಗಿ ನಿನ್ನ ಮೊದಲ ತಪ್ಪು ಪ್ರೋಗ್ರಾಮೂ ಬರೇ 1-0 ತಿರುವಿ ಬರ್ದ್ರ ಓಡ್ತಿತ್ತು. ಆದ್ರ ಚೌಕದಾಗ ನಿಲ್ಲೋ ಖರೇ ಸಿಗ್ನಲ್‌ಗೆ ಇದೂ ಸಾಲಂಗಿಲ್ಲ. ಎರಡು ಹಸಿರು ಒಮ್ಮೆಲೇ ಬಂದ್ರ ಹಿಡಿಯಾಕ ಪ್ರೊಸೆಸರಿನ ಮಾತು ಕೇಳದ ಬ್ಯಾರೆ ಸರ್ಕ್ಯೂಟ್ ಇರ್ತದ, ಅದು ದೀಪದ ವೈರಿನ ಮ್ಯಾಲೇ ಕಣ್ಣಿಟ್ಟಿರ್ತದ, ತಪ್ಪು ಕಂಡ್ರ ಎಲ್ಲಾ ಕಿತ್ತು ಮಿಣುಕೋ ದೀಪಕ್ಕ ಹಾಕ್ತದ. ಅಲ್ಲಿ ಮಾತ್ರ ಪುಸ್ತಕ ನಂಬಬಾರ್ದು, ಕಿಟಕಿಯೊಳಗೇ ನೋಡಬೇಕು.

ಸರ್ಕಲ್ ಮಂದಿ · ಮಧ್ಯಾಹ್ನ 3:05

ನೋಡ್ರಿ, ನಾ ಹೇಳಿದ್ದೂ ಇದೇ.

ಬಳ್ಳಾರಿ ಬಿಸಿಲು · ಮಧ್ಯಾಹ್ನ 3:20

ಒಂದು ಡೌಟು. ಟ್ರಾನ್ಸಿಸ್ಟರ್ ಇಲ್ದೆ ಪಿನ್ನಿಂದ ಸೀದಾ ಎಲ್‌ಇಡಿ ಹಾಕಿ ನೆಲಕ್ಕೆ ಕೂಡಿಸಿದ್ರೆ `MOV A, P1` ಏನು ಓದುತ್ತೆ? ನಮ್ಮ ಹುಡುಗ ಹಂಗೇ ಮಾಡಿದಾನೆ, ಅವನಿಗೆ ಸರಿಯಾಗೇ ಓದ್ತೈತೆ.

ಪಾಠ ಮಾಡೋಳು · ಮಧ್ಯಾಹ್ನ 3:41

ನಮ್ಮ ಲ್ಯಾಬ್ ಕಿಟ್‌ಗಳಲ್ಲಿ ಹಾಗೇ ಇದೆ, ಕೆಲವು ಕಿಟ್‌ನಲ್ಲಿ 1 ಬರುತ್ತೆ, ಕೆಲವಲ್ಲಿ 0. ಕೆಂಪು ಎಲ್‌ಇಡಿ ಆ ಸಣ್ಣ ಕರೆಂಟಿಗೆ 1.6 ವೋಲ್ಟ್ ಆಸುಪಾಸು ನಿಲ್ಲುತ್ತೆ. ಡೇಟಾಶೀಟ್ ಪ್ರಕಾರ 0.9ಕ್ಕಿಂತ ಕೆಳಗೆ 0, 1.9ಕ್ಕಿಂತ ಮೇಲೆ 1, ನಡುವೆ ಯಾರ ಹೊಣೆಯೂ ಇಲ್ಲ. ಬಿಸಿಗೆ ಬದಲಾಗುತ್ತೆ ಅಂತ ನನ್ನ ಅನುಮಾನ, ಅಳೆದಿಲ್ಲ.

ಡಿಪ್ಲೊಮಾ ಫಸ್ಟ್ ಕ್ಲಾಸ್ · ಮಧ್ಯಾಹ್ನ 3:48

ಬಿಸಿ ಅಲ್ಲ, ಬಣ್ಣ. ಕೆಂಪು ಕಡಿಮಿ, ನೀಲಿ ಹೆಚ್ಚು. ನೀಲಿ ಹಾಕಿದ್ರ ಯಾವಾಗ್ಲೂ 1 ಓದ್ತದ.

ಹಳೇ ಬೆಸುಗೆ · ಮಧ್ಯಾಹ್ನ 4:02

ಬಣ್ಣನೂ ಇರಬಹುದು, ಬಿಸಿನೂ ಇರಬಹುದು, ಬರೇ ಮಾತಲೆ ತೀರಂಗಿಲ್ಲ. ರೂಮ್ 14, ಮೀಟರ್ ಇನ್ನೂ ನಿನ್ನ ಹತ್ರ ಅದ ಏನು?

ರೂಮ್ 14 · ಮಧ್ಯಾಹ್ನ 4:30

ಮೀಟರ್ ಕೆಳಗಿನವ್ರು ಕಸ್ಕೊಂಡು ಹೋದ್ರು ಸರ್. ನಾ ಈಗ ಬಸ್ ಸ್ಟ್ಯಾಂಡ್‌ನಾಗ ಅದೀನಿ, ಊರಿಗೆ ಹೊಂಟೀನಿ. ಸೋಮವಾರ ಬಂದು ಕೆಂಪು, ಹಸಿರು ಎರಡೂ ಅಳದು ಹಾಕ್ತೀನಿ, ಮಧ್ಯಾಹ್ನ ಒಂದ್ಸಲ ರಾತ್ರಿ ಒಂದ್ಸಲ, ನಮ್ಮ ರೂಮಿನಾಗ ಬಿಸಿಗೇನು ಕೊರತಿ ಇಲ್ಲ.